168ಕ್ಕೆ ಒಂದು ಸೆಂಟಿಮೀಟರ್ ಕಡಿಮೆ: ಬಾರ್, ಆಸನ, ಪುಡಿ, ಗುಳಿಗೆ, ಯಾವುದು ಎಷ್ಟು ಕೊಡುತ್ತದೆ?

ಕರ್ನಾಟಕದಲ್ಲಿ ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರ ಎತ್ತರ ಕನಿಷ್ಠ 168 ಸೆಂ.ಮೀ. ಇರಬೇಕು, ಹೆಂಗಸರದು 157. ಕೇಂದ್ರ ಪಡೆಗಳ ಎಸ್‌ಎಸ್‌ಸಿ ಜಿಡಿ ಪರೀಕ್ಷೆಗೆ ಗಂಡಸರು 170 ಇರಬೇಕು. ಧಾರವಾಡದ ಸಪ್ತಾಪುರದ ಸುತ್ತ ರೂಮು ಹಿಡಿದು ಓದುವ ಹುಡುಗರಿಗೆ ಈ ಅಂಕಿಗಳು ಬಾಯಿಪಾಠ. ಆದರೂ "ನಂದು ಐದೂವರಿ ಫೂಟ ಐತಿ, ನಡೀತೈತಿ" ಎಂದು ನಂಬಿ ವರ್ಷಗಟ್ಟಲೆ ಓದಿದವರು ಅಳತೆಯ ದಿನ ಹೊರಗೆ ಬೀಳುತ್ತಾರೆ. ಐದೂವರೆ ಅಡಿ ಎಂದರೆ 167.64 ಸೆಂ.ಮೀ. 168ಕ್ಕೆ ಇನ್ನೂ ಮೂರೂವರೆ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚೇ ಬೇಕು.

ಆ ಒಂದಿಷ್ಟು ಮಿಲಿಮೀಟರಿಗಾಗಿ ಹುಡುಗರು ಬಾರಿಗೆ ಜೋತುಬೀಳುತ್ತಾರೆ, ಪುಡಿ ಕುಡಿಯುತ್ತಾರೆ, ಫೋನಿನಲ್ಲಿ ಕಂಡ ಗುಳಿಗೆ ತರಿಸುತ್ತಾರೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು ಎಂದು ಕೇಳುವವರು ಹೆಚ್ಚಾಗಿ 18ರಿಂದ 24ರ ವಯಸ್ಸಿನವರು. ಈ ಬರಹ ಮುಖ್ಯವಾಗಿ ಅವರಿಗೆ. ಇನ್ನೂ ಬೆಳೆಯುವ ವಯಸ್ಸಿನ ತಮ್ಮ, ತಂಗಿಯರ ಲೆಕ್ಕ ಬೇರೆ, ಅದು ಕೊನೆಯಲ್ಲಿದೆ.

ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆ

ಮೊದಲನೆಯ ಪ್ರಶ್ನೆ, ಎಲುಬು ಇನ್ನೂ ಬೆಳೆಯಬಲ್ಲದೇ? ತೊಡೆ ಮತ್ತು ಮೊಣಕಾಲ ಕೆಳಗಿನ ಉದ್ದ ಎಲುಬುಗಳು ನಡುವಿನಿಂದ ಉದ್ದವಾಗುವುದಿಲ್ಲ. ತುದಿಯ ಹತ್ತಿರ ಮೃದ್ವಸ್ಥಿಯ ಒಂದು ತೆಳು ಪದರ ಇರುತ್ತದೆ, ಡಾಕ್ಟರು ಅದನ್ನು ಗ್ರೋತ್ ಪ್ಲೇಟ್ ಎನ್ನುತ್ತಾರೆ. ಹೊಸ ಉದ್ದವೆಲ್ಲ ಅಲ್ಲಿಂದಲೇ ಬರುವುದು. ಹರೆಯದ ಕೊನೆಗೆ ಈಸ್ಟ್ರೊಜೆನ್ ಎಂಬ ಹಾರ್ಮೋನು ಆ ಪದರವನ್ನು ಎಲುಬಾಗಿಸಿ ಮುಚ್ಚುತ್ತದೆ. ಹುಡುಗರಲ್ಲೂ ಮುಚ್ಚುವುದು ಈಸ್ಟ್ರೊಜೆನ್ನೇ, ಅವರ ಮೈಯಲ್ಲಿ ಟೆಸ್ಟೊಸ್ಟೆರಾನಿನ ಒಂದು ಪಾಲು ಈಸ್ಟ್ರೊಜೆನ್ ಆಗಿ ಬದಲಾಗುತ್ತದೆ. ಹುಡುಗಿಯರಲ್ಲಿ ಸಾಮಾನ್ಯವಾಗಿ 14ರಿಂದ 16ರೊಳಗೆ, ಹುಡುಗರಲ್ಲಿ 16ರಿಂದ 18ರೊಳಗೆ, ಕೆಲವರಲ್ಲಿ ಇನ್ನೂ ಒಂದೆರಡು ವರ್ಷ ತಡವಾಗಿ ಈ ಪದರ ಮುಚ್ಚುತ್ತದೆ. ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ.

ಎರಡನೆಯದು, ಸಿಗುವ ಎತ್ತರ ಎಷ್ಟು ಹೊತ್ತು ಉಳಿಯುತ್ತದೆ? ಮೂರನೆಯದು, ಬರಿಗಾಲಲ್ಲಿ ಅಳತೆಗೋಲಿನ ಕೆಳಗೆ ನಿಂತಾಗ ಅದು ಲೆಕ್ಕಕ್ಕೆ ಬರುತ್ತದೆಯೇ? ಬೂಟಿನೊಳಗೆ ಇಡುವ ಹೀಲ್ ಪ್ಯಾಡು ಈ ಪ್ರಶ್ನೆಗೇ ಬಿದ್ದುಹೋಗುತ್ತದೆ, ಅದರ ಮಾತು ಮುಂದೆ ಬೇಡ. ನಾಲ್ಕನೆಯದು, ಎಷ್ಟು ದುಡ್ಡು, ಎಷ್ಟು ಅಪಾಯ?

ಮೊದಲ ಪ್ರಶ್ನೆಗೆ ಉತ್ತರ ತಿಳಿಯಲು ಅಗ್ಗದ ದಾರಿ ನಿಮ್ಮದೇ ಹಳೆಯ ಅಳತೆ. ದಿನದ ಒಂದೇ ಹೊತ್ತಿಗೆ, ಒಂದೇ ಗೋಡೆಗೆ ನಿಂತು, ಆರು ತಿಂಗಳ ಅಂತರದಲ್ಲಿ ಎರಡು ಸಲ ಅಳೆಯಿರಿ. ಪ್ರತಿ ಸಲವೂ ಮೂರು ಬಾರಿ ಅಳೆದು ಸರಾಸರಿ ಹಿಡಿಯಿರಿ. ವ್ಯತ್ಯಾಸ ಅರ್ಧ ಸೆಂಟಿಮೀಟರಿನ ಒಳಗಿದ್ದರೆ ಅದು ಅಳತೆಯ ಹೆಚ್ಚುಕಡಿಮೆ, ಬೆಳವಣಿಗೆಯಲ್ಲ. 18-19ರ ವಯಸ್ಸಿನಲ್ಲಿ ಇನ್ನೂ ಅನುಮಾನವಿದ್ದರೆ ಎಡಗೈ ಮತ್ತು ಮಣಿಕಟ್ಟಿನ ಒಂದು ಎಕ್ಸ್-ರೇ ಸಾಕು. ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯಲ್ಲಾಗಲಿ, ಧಾರವಾಡದ ಜಿಲ್ಲಾಸ್ಪತ್ರೆಯಲ್ಲಾಗಲಿ ಎಲುಬಿನ ಡಾಕ್ಟರಿಗೆ ತೋರಿಸಿ "ಪ್ಲೇಟ್ ಮುಚ್ಚಿದೆಯೇ?" ಎಂದು ಕೇಳಿ. ಮುಂಗೈಯ ರೇಡಿಯಸ್ ಎಲುಬಿನ ಮಣಿಕಟ್ಟಿನ ಕಡೆಯ ಪ್ಲೇಟ್ ಎಲ್ಲಕ್ಕಿಂತ ಕೊನೆಗೆ ಮುಚ್ಚುವವುಗಳಲ್ಲಿ ಒಂದು. ಅದು ಮುಚ್ಚಿದ್ದರೆ ಕಾಲಿನದೂ ಮುಚ್ಚಿದೆ ಎಂದೇ ತಿಳಿಯಬೇಕು. ಯಾವುದೇ ಪುಡಿ, ಗುಳಿಗೆಗೆ ದುಡ್ಡು ಕೊಡುವ ಮೊದಲು ಈ ಒಂದು ಚಿತ್ರ ನೋಡಿದರೆ ಉಳಿದ ಖರ್ಚೆಲ್ಲ ತಪ್ಪುತ್ತದೆ.

ಬಾರಿಗೆ ಜೋತುಬೀಳುವುದು

ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಈ ನಂಬಿಕೆ ಸಾಯುತ್ತಿಲ್ಲ. ಬೆನ್ನುಮೂಳೆಯ ಮಣಿಗಳ ನಡುವೆ 23 ಡಿಸ್ಕ್‌ಗಳಿವೆ. ಮೂಳೆಯ ಕಂಬದ ಉದ್ದದಲ್ಲಿ ಸುಮಾರು ಕಾಲು ಭಾಗ ಈ ಡಿಸ್ಕ್‌ಗಳದೇ. ಒಳಗೆ ನೀರು ಹಿಡಿದುಕೊಂಡ ಲೋಳೆಯಂಥ ತಿರುಳು. ಹಗಲೆಲ್ಲ ನಿಂತು, ಕೂತು, ಭಾರ ಹೊತ್ತಾಗ ಆ ನೀರು ಸ್ವಲ್ಪ ಸ್ವಲ್ಪ ಹಿಂಡಿ ಹೊರಗೆ ಹೋಗುತ್ತದೆ. ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಹಾಗಾಗಿ ಯಾವ ಮನುಷ್ಯನೂ ಮುಂಜಾನೆ ಎದ್ದಾಗ ಸಂಜೆಗಿಂತ ಒಂದರಿಂದ ಎರಡು ಸೆಂ.ಮೀ. ಎತ್ತರ ಇರುತ್ತಾನೆ. ಆ ಹೆಚ್ಚಿನ ಎತ್ತರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹಾಸಿಗೆಯಿಂದ ಎದ್ದ ಮೊದಲ ಒಂದು ಗಂಟೆಯಲ್ಲೇ ಇಳಿದುಹೋಗುತ್ತದೆ. ಗಗನಯಾತ್ರಿಗಳು ಭಾರವಿಲ್ಲದ ಜಾಗದಲ್ಲಿ ಕೆಲವು ಸೆಂಟಿಮೀಟರ್ ಎತ್ತರವಾಗಿ, ಭೂಮಿಗೆ ಮರಳಿದ ಮೇಲೆ ಮೊದಲಿನ ಅಳತೆಗೇ ಬರುವುದೂ ಇದೇ ಕಾರಣಕ್ಕೆ.

ಬಾರಿಗೆ ಒಂದೆರಡು ನಿಮಿಷ ಜೋತುಬಿದ್ದರೂ ಡಿಸ್ಕ್‌ಗಳ ಮೇಲಿನ ಭಾರ ಇಳಿಯುತ್ತದೆ, ಕೂಡಲೇ ಅಳೆದರೆ ಕೆಲವು ಮಿಲಿಮೀಟರ್ ಹೆಚ್ಚು ಕಾಣಬಹುದು. ಒಂದು ರಾತ್ರಿಯ ನಿದ್ದೆ ಕೊಡುವುದು ಅದಕ್ಕಿಂತ ಹೆಚ್ಚು. ಎಷ್ಟು ತಿಂಗಳು ಜೋತುಬಿದ್ದರೂ ಇದು ಕೂಡಿಡುವ ಗಳಿಕೆಯಲ್ಲ, ನೆಲಕ್ಕೆ ಕಾಲಿಟ್ಟು ಓಡಾಡಿದ ಕೂಡಲೇ ಖರ್ಚಾಗುತ್ತದೆ. ಕಾಲಿನ ಎಲುಬಿಗಂತೂ ಏನೂ ಆಗುವುದಿಲ್ಲ.

ಹಾಗಾದರೆ "ನಮ್ಮೂರ ಹುಡುಗ ಬಾರ್ ಹಿಡದು ಆರ್ ತಿಂಗಳದಾಗ ನಾಕ್ ಸೆಂಟಿಮೀಟರ್ ಬೆಳದ" ಎನ್ನುವ ಸುದ್ದಿ? ಆ ಹುಡುಗನ ವಯಸ್ಸು ಕೇಳಿ. 14-15ರ ಹುಡುಗ ಹರೆಯದ ಜೋರಿನಲ್ಲಿ ವರ್ಷಕ್ಕೆ ಎಂಟು-ಹತ್ತು ಸೆಂ.ಮೀ. ಬೆಳೆಯುತ್ತಾನೆ. ಆರು ತಿಂಗಳಿಗೆ ನಾಲ್ಕು ಅವನ ಪಾಲಿಗೆ ಸಹಜ, ಬಾರ್ ಇಲ್ಲದಿದ್ದರೂ ಬೆಳೆಯುತ್ತಿದ್ದ. ಬಾಸ್ಕೆಟ್‌ಬಾಲ್ ಆಡಿದರೆ ಎತ್ತರ ಆಗುತ್ತಾರೆ ಎನ್ನುವುದೂ ಇಂಥದೇ. ಎತ್ತರದ ಹುಡುಗರನ್ನು ಆರಿಸಿ ತಂಡಕ್ಕೆ ಹಾಕಿಕೊಳ್ಳುತ್ತಾರೆ, ನೋಡುವವರು ಅದನ್ನು ತಿರುಗಿಸಿ ಓದುತ್ತಾರೆ.

ಬಾರ್ ಬೇಡ ಎಂದು ಹೇಳುತ್ತಿಲ್ಲ. ಭುಜಕ್ಕೆ, ಹಿಡಿತಕ್ಕೆ ಒಳ್ಳೆಯದು, ಖರ್ಚೂ ಇಲ್ಲ. 20-30 ಸೆಕೆಂಡಿನ ಮೂರು-ನಾಲ್ಕು ಸರದಿ ಸಾಕು. ಆದರೆ ಕಾಲಿಗೆ ಇಟ್ಟಿಗೆಯನ್ನೋ ಮರಳಿನ ಚೀಲವನ್ನೋ ಕಟ್ಟಿಕೊಂಡು ಜೋತುಬೀಳುವುದು ಬೇಡ. ಭುಜದ ಕೀಲಿನ ಸುತ್ತಲಿನ ಸ್ನಾಯು ಹರಿದರೆ ಗುಂಡು ಎಸೆತಕ್ಕೇ ಕುತ್ತು. ತಲೆಕೆಳಗಾಗಿ ಜೋತುಬೀಳುವುದರಿಂದ ಕಣ್ಣಿನ ಒತ್ತಡ, ರಕ್ತದೊತ್ತಡ ಏರುತ್ತದೆ, ಎತ್ತರಕ್ಕೆ ಅದರಿಂದ ಬೇರೆ ಲಾಭವೂ ಇಲ್ಲ.

ಸ್ಟ್ರೆಚಿಂಗ್, ಆಸನ: ಕೊಡುವುದು ಯಾರಿಗೆ, ಕೊಡದಿರುವುದು ಯಾರಿಗೆ

ತಾಡಾಸನವಾಗಲಿ ಭುಜಂಗಾಸನವಾಗಲಿ ಎಲುಬನ್ನು ಉದ್ದ ಮಾಡುವುದಿಲ್ಲ. ಆದರೆ ದಿನಕ್ಕೆ ಹತ್ತು ತಾಸು ನೋಟ್ಸಿನ ಮೇಲೆ ಬಗ್ಗಿ ಕೂರುವ ಹುಡುಗನ ಬೆನ್ನು ಮೇಲ್ಗಡೆ ಗೂನಾಗಿ, ಕತ್ತು ಮುಂದಕ್ಕೆ ಬಂದಿರುತ್ತದೆ. ಅವನ ಎತ್ತರ ಇದೆ, ನಿಲ್ಲುವಾಗ ಸಿಗುತ್ತಿಲ್ಲ. ಅದನ್ನು ಬಿಡಿಸಿಕೊಳ್ಳಬಹುದು.

ನಿಮಗೆ ಇದರಿಂದ ಲಾಭವಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಗೋಡೆಗೆ ಹಿಮ್ಮಡಿ, ಪೃಷ್ಠ, ಬೆನ್ನಿನ ಮೇಲ್ಭಾಗ ತಾಗುವಂತೆ ನಿಲ್ಲಿ. ಗದ್ದ ಎತ್ತದೆ ತಲೆಯ ಹಿಂಭಾಗ ಗೋಡೆಗೆ ತಾಗುತ್ತದೆಯೇ? ಆರಾಮಾಗಿ ತಾಗಿದರೆ ಸ್ಟ್ರೆಚಿಂಗಿನಿಂದ ನಿಮ್ಮ ಅಂಕಿ ಹೆಚ್ಚೇನೂ ಬದಲಾಗದು. ತಾಗಲು ಗದ್ದ ಎತ್ತಲೇಬೇಕಾದರೆ ಅಲ್ಲಿ ಕೆಲವು ಮಿಲಿಮೀಟರ್ ಅಡಗಿವೆ, ಗೂನು ಜಾಸ್ತಿ ಇದ್ದವರಿಗೆ ಒಂದು ಸೆಂಟಿಮೀಟರಿನ ಆಸುಪಾಸು ಸಿಗಬಹುದು.

ಅಂಥವರು ದಿನಕ್ಕೆ 15 ನಿಮಿಷ, ಆರರಿಂದ ಎಂಟು ವಾರ ಮಾಡಿ. ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈ ಊರಿ ಎದೆಯನ್ನು ಮುಂದಕ್ಕೆ ತಳ್ಳಿ 30 ಸೆಕೆಂಡ್ ಹಿಡಿಯಿರಿ, ಮೂರು ಸಲ. ಟವೆಲ್ ಸುರುಳಿ ಸುತ್ತಿ ಭುಜದ ಹಲಗೆಗಳ ಕೆಳಗೆ ಅಡ್ಡಲಾಗಿಟ್ಟು ಎರಡು ನಿಮಿಷ ಮಲಗಿ. ಭುಜಂಗಾಸನ ಐದು ಸಲ. ಕಡೆಗೆ ಗೋಡೆಗೆ ಬೆನ್ನು ಹಚ್ಚಿ, ಮೊಣಕೈ ಮಡಚಿ, ಕೈಗಳನ್ನು ಗೋಡೆಗುಂಟ ಮೇಲೆ-ಕೆಳಗೆ ಹತ್ತು ಸಲ ಜಾರಿಸಿ. ಕೂತಲ್ಲಿ ಪುಸ್ತಕವನ್ನು ಕಣ್ಣಿನ ಮಟ್ಟದ ಹತ್ತಿರಕ್ಕೆ ತಂದುಕೊಳ್ಳದಿದ್ದರೆ ಮಾಡಿದ್ದೆಲ್ಲ ಮರುದಿನಕ್ಕೆ ಅಳಿಸಿಹೋಗುತ್ತದೆ. ನೆಲದ ಮೇಲೆ ಅಂಗಾತ ಮಲಗಿದರೂ ಗೂನು ನೇರವಾಗದಿದ್ದರೆ, ಅಥವಾ ಬಗ್ಗಿದಾಗ ಬೆನ್ನಿನ ಒಂದು ಮಗ್ಗಲು ಎದ್ದು ಕಂಡರೆ ಅದು ಅಭ್ಯಾಸದ ಗೂನಲ್ಲ. ಎಲುಬಿನ ಡಾಕ್ಟರಿಗೆ ತೋರಿಸಿ.

ಊಟ, ಪುಡಿ, ಗುಳಿಗೆ

ಪ್ಲೇಟ್ ಮುಚ್ಚಿದ ಮೇಲೆ ಯಾವ ಆಹಾರವೂ ಎತ್ತರ ಕೊಡದು. ಹಾಲು, ತತ್ತಿ, ಶೇಂಗಾ, ಮಡಕಿಕಾಳು ತಿಂದರೆ ಓಟಕ್ಕೆ ಶಕ್ತಿ ಬರುತ್ತದೆ, ಅದಕ್ಕಾಗಿ ತಿನ್ನಿ. ಡಬ್ಬಿಯ ಪುಡಿಯಲ್ಲಿ ಇರುವುದು ಹೆಚ್ಚಾಗಿ ಸಕ್ಕರೆ, ಹಾಲಿನ ಪುಡಿ ಅಥವಾ ಸೋಯಾ, ಒಂದಿಷ್ಟು ವಿಟಮಿನ್. ಡಬ್ಬಿಯ ಮೇಲಿನ ಎಫ್‌ಎಸ್‌ಎಸ್‌ಎಐ ಸಂಖ್ಯೆ ಅದು ಆಹಾರ ಪರವಾನಗಿ ಪಡೆದವರ ಮಾಲು ಎಂದಷ್ಟೇ ಹೇಳುತ್ತದೆ, ಎತ್ತರ ಕೊಡುತ್ತದೆ ಎಂದಲ್ಲ.

ಗುಳಿಗೆಯ ವಿಷಯದಲ್ಲಿ ಕಾನೂನೇ ಸ್ಪಷ್ಟವಾಗಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಮನುಷ್ಯನ ಎತ್ತರದ ಹೆಸರೂ ಇದೆ. ಔಷಧದಿಂದ ಎತ್ತರ ಹೆಚ್ಚುತ್ತದೆ ಎಂದು ಜಾಹೀರಾತು ಕೊಡುವಂತಿಲ್ಲ. ಔಷಧ ನಿಯಮಗಳ ಜೆ ಅನುಸೂಚಿಯೂ ಮಕ್ಕಳ ಮತ್ತು ದೊಡ್ಡವರ ಎತ್ತರ ಹೆಚ್ಚಿಸುತ್ತೇನೆ ಎಂದು ಯಾವ ಔಷಧವೂ ಹೇಳಿಕೊಳ್ಳಬಾರದು ಎನ್ನುತ್ತದೆ. ಹಾಗಾಗಿ "ಮೂರು ತಿಂಗಳಲ್ಲಿ ಮೂರು ಇಂಚು" ಎಂಬ ಔಷಧದ ಸಾಲು ಕಂಡರೆ ಮಾರುವವನು ಕಾನೂನು ಮುರಿದೇ ನಿಮ್ಮ ಮುಂದೆ ನಿಂತಿದ್ದಾನೆ ಎಂದು ತಿಳಿಯಿರಿ.

ಹಾನಿಯ ಕಡೆ ನೋಡಿದರೆ ಮೂರು ಸಂಗತಿ ಗಮನಿಸಬೇಕು. ಒಂದು, ವಿಟಮಿನ್ ಡಿ. 60,000 ಯೂನಿಟ್ಟಿನ ಪೊಟ್ಟಣವನ್ನು ಕೊರತೆ ಇದ್ದವರಿಗೆ ಡಾಕ್ಟರು ವಾರಕ್ಕೊಂದರಂತೆ, ಕೆಲವು ವಾರ ಮಾತ್ರ ಕೊಡುತ್ತಾರೆ. "ಬೇಗ ಬೆಳಿಯೂಣು" ಎಂದು ದಿನಾ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೇಲಿಂದ ಮೇಲೆ ಬಾಯಾರಿಕೆ ಮತ್ತು ಮೂತ್ರ ಶುರುವಾಗುತ್ತದೆ, ಕಿಡ್ನಿಗೂ ಪೆಟ್ಟು ಬೀಳುತ್ತದೆ. ಎರಡು, ಅಶ್ವಗಂಧ. ಮುಚ್ಚಿದ ಪ್ಲೇಟನ್ನು ಅದು ತೆರೆಯುವುದಿಲ್ಲ, ಕೆಲವರಲ್ಲಿ ಲಿವರಿಗೆ ತೊಂದರೆಯಾದ ಪ್ರಕರಣಗಳಿವೆ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ಕಾಣಿ. ಮೂರನೆಯದು ಎಲ್ಲಕ್ಕಿಂತ ದುಃಖದ್ದು. ಲೇಬಲ್ಲಿಲ್ಲದ ಗುಳಿಗೆಯಲ್ಲೋ ಜಿಮ್ಮಿನ ಇಂಜೆಕ್ಷನ್ನಿನಲ್ಲೋ ಟೆಸ್ಟೊಸ್ಟೆರಾನ್ ಜಾತಿಯ ಸ್ಟೀರಾಯ್ಡ್ ಇದ್ದರೆ, ಇನ್ನೂ ಬೆಳೆಯುತ್ತಿರುವ 15ರ ಹುಡುಗನ ಪ್ಲೇಟ್ ಬೇಗ ಮುಚ್ಚಬಹುದು. ಎತ್ತರಕ್ಕೆಂದು ನುಂಗಿದ್ದೇ ಇದ್ದ ಎತ್ತರವನ್ನು ಕಸಿಯುತ್ತದೆ.

ಬೆಳವಣಿಗೆಯ ಹಾರ್ಮೋನಿನ ಇಂಜೆಕ್ಷನ್ ನಿಜವಾದ ಔಷಧ, ಆದರೆ ಅದು ಪ್ಲೇಟ್ ತೆರೆದಿರುವ, ಪರೀಕ್ಷೆಯಲ್ಲಿ ಕೊರತೆ ಸಾಬೀತಾದ ಮಕ್ಕಳಿಗೆ. ಪ್ಲೇಟ್ ಮುಚ್ಚಿದವನು ತೆಗೆದುಕೊಂಡರೆ ಎತ್ತರ ಆಗುವ ಬದಲು ಕೈ, ಪಾದ, ದವಡೆ ದಪ್ಪವಾಗುತ್ತವೆ, ಸಕ್ಕರೆ ಕಾಯಿಲೆಯ ಅಪಾಯ ಏರುತ್ತದೆ.

ಆಪರೇಷನ್

ಇಡೀ ಪಟ್ಟಿಯಲ್ಲಿ ದೊಡ್ಡವರ ಎಲುಬನ್ನು ನಿಜಕ್ಕೂ ಉದ್ದ ಮಾಡುವುದು ಇದೊಂದೇ. ಸೋವಿಯತ್ ಡಾಕ್ಟರ್ ಗವ್ರೀಲ್ ಇಲಿಜಾರೋವ್ ರೂಪಿಸಿದ ವಿಧಾನದಲ್ಲಿ ಎಲುಬನ್ನು ಕತ್ತರಿಸಿ, ಎರಡು ತುಂಡುಗಳನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ದೂರ ಸರಿಸುತ್ತಾರೆ, ನಡುವೆ ಹೊಸ ಎಲುಬು ತುಂಬುತ್ತದೆ. ಐದು ಸೆಂ.ಮೀ.ಗೆ ಎಳೆಯುವುದಕ್ಕೇ 50 ದಿನ, ಗಟ್ಟಿಯಾಗಲು ಅದರ ಮೇಲೆ ಹಲವು ತಿಂಗಳು. ಖರ್ಚು ಲಕ್ಷಗಳಲ್ಲಿ. ಎಲುಬಿಗೆ ಚುಚ್ಚಿದ ಸರಳಿನ ಜಾಗದಲ್ಲಿ ಕೀವು, ನರಕ್ಕೆ ಪೆಟ್ಟು, ಕೀಲು ಬಿಗಿಯುವುದು, ಎಲುಬು ಕೂಡದೇ ಇರುವುದು ಇದರಲ್ಲಿ ಸಾಮಾನ್ಯವಾಗಿ ಎದುರಾಗುವ ತೊಡಕುಗಳು. ಅಪಘಾತದಲ್ಲಿ ಒಂದು ಕಾಲು ಗಿಡ್ಡಾದವರಿಗೆ ಇದು ವರ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕಾದ ಹುಡುಗ ಒಂದು ಸೆಂಟಿಮೀಟರಿಗಾಗಿ ಎರಡೂ ಕಾಲು ಮುರಿಸಿಕೊಳ್ಳುವುದನ್ನು ನಾವು ಒಪ್ಪಲಾರೆವು. ಎತ್ತರದಲ್ಲಿ ಪಾಸಾದರೂ ಓಟದಲ್ಲೋ ವೈದ್ಯಕೀಯ ತಪಾಸಣೆಯಲ್ಲೋ ಕೈಬಿಡಬಹುದು.

ಒಂದು ಲೆಕ್ಕ

ಕಲಘಟಗಿ ಕಡೆಯ 20ರ ಹುಡುಗನೊಬ್ಬ ಅಂದುಕೊಳ್ಳಿ. ಎರಡು ವರ್ಷದಿಂದ ಅಳತೆ ಬದಲಾಗಿಲ್ಲ, ಪ್ಲೇಟ್ ಮುಚ್ಚಿದೆ. ಸಂಜೆ ಓಡಿ ಬಂದು, ಎಂದಿನಂತೆ ಬಗ್ಗಿ ನಿಂತು ಅಳೆದಾಗ 166.9. ಅದೇ ಸಂಜೆ ಸರಿಯಾಗಿ ನಿಲ್ಲಿಸಿ ಅಳೆದರೆ 167.4. ಮುಂಜಾನೆ ಆರಕ್ಕೆ ಹಾಸಿಗೆಯಿಂದ ಎದ್ದ ಕೂಡಲೇ 168.8, ಏಳಕ್ಕೆ 168.1, ಹತ್ತಕ್ಕೆ 167.8, ಮಧ್ಯಾಹ್ನ 167.6.

ಇವನು ಗೆರೆಯ ಮೇಲಿದ್ದಾನೆ. ಬಾರ್, ಪುಡಿ, ಗುಳಿಗೆ ಯಾವುದೂ ಇವನ ಅಂಕಿ ಬದಲಿಸದು, ಅಳತೆ ಎಷ್ಟು ಹೊತ್ತಿಗೆ, ಹೇಗೆ ಎನ್ನುವುದು ಬದಲಿಸುತ್ತದೆ. ಹಿಂದಿನ ರಾತ್ರಿಯೇ ಮೈದಾನವಿರುವ ಊರಿಗೆ ಹೋಗಿ ಎಂಟು ತಾಸು ಮಲಗಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದರೆ ಇದ್ದದ್ದೂ ಇಳಿಯುತ್ತದೆ. ಅಂದು ಅಳತೆಗೆ ಮೊದಲು ಓಡಬಾರದು, ಭಾರದ ಚೀಲ ಬೆನ್ನಿಗೆ ಹಾಕಿಕೊಳ್ಳಬಾರದು. ಸರದಿ ಕಾಯುವಾಗ ಕೂರುವ ಬದಲು ಚಾದರ ಹಾಸಿ ಅಂಗಾತ ಮಲಗಿ, ಮೊಣಕಾಲು ಮಡಚಿ ಕಾಲುಗಳನ್ನು ಚೀಲದ ಮೇಲೆ ಇಡಬೇಕು. ಅರ್ಧ ತಾಸು ಹೀಗೆ ಮಲಗಿದರೆ ಕೆಲವು ಮಿಲಿಮೀಟರ್ ಮರಳುತ್ತವೆ.

ಗೋಲಿನ ಕೆಳಗೆ ನಿಂತಾಗ ಹಿಮ್ಮಡಿ ಕೂಡಿಸಿ, ಮೊಣಕಾಲು ನೇರ ಮಾಡಿ, ಉಸಿರು ತುಂಬಿ ಎಳೆದುಕೊಂಡು ಕತ್ತು ಉದ್ದ ಮಾಡಬೇಕು. ಎತ್ತರ ಕಾಣಲೆಂದು ಗದ್ದ ಎತ್ತುವುದು ಎಲ್ಲರೂ ಮಾಡುವ ತಪ್ಪು, ಆಗ ನೆತ್ತಿ ಹಿಂದಕ್ಕೆ ವಾಲಿ ಅಂಕಿ ಇಳಿಯುತ್ತದೆ. ಕಣ್ಣಿನ ಗೂಡಿನ ಕೆಳ ಅಂಚು ಮತ್ತು ಕಿವಿಯ ತೂತು ಒಂದೇ ಅಡ್ಡಗೆರೆಯಲ್ಲಿರಬೇಕು. ಹಿಮ್ಮಡಿ ಎತ್ತುವುದು, ಕೂದಲು ಉಬ್ಬಿಸುವುದು ಮೋಸ, ಅಳೆಯುವವರು ಅದನ್ನೇ ನೋಡುತ್ತಿರುತ್ತಾರೆ.

ಮನೆಯಲ್ಲಿ ಅಳೆಯುವಾಗ ಗೋಡೆಯ ಬುಡದಲ್ಲಿ ಟೈಲ್ಸಿನ ಪಟ್ಟಿ ಇಲ್ಲದ ಜಾಗ ಹುಡುಕಿ, ಆ ಪಟ್ಟಿ ಹಿಮ್ಮಡಿಯನ್ನು ಮುಂದಕ್ಕೆ ತಳ್ಳುತ್ತದೆ. ತಲೆಯ ಮೇಲೆ ಇಡುವ ಪುಸ್ತಕದ ಬೆನ್ನು ಗೋಡೆಗೆ ಪೂರ್ತಿ ಒತ್ತಿರಬೇಕು, ಇಲ್ಲದಿದ್ದರೆ ಓರೆಯಾಗಿ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ತೋರಿಸುತ್ತದೆ. ನೀವು ನಂಬಬೇಕಾದ ಅಂಕಿ ಬೆಳಗ್ಗೆ ಹತ್ತರಿಂದ ಹನ್ನೊಂದರ ನಡುವಿನದು.

ಆ ಹೊತ್ತಿನ ಅಂಕಿ 168 ದಾಟಿದ್ದರೆ ಎತ್ತರದ ಚಿಂತೆ ಬಿಟ್ಟು ಓಟ ನೋಡಿ. 167ರಿಂದ 168ರ ನಡುವಿದ್ದರೆ ಮೇಲಿನ ಸಿದ್ಧತೆ ಮಾಡಿ ಪ್ರಯತ್ನಿಸಿ, ಮರು ಅಳತೆಗೆ ಮನವಿ ಕೊಡಲು ಅವಕಾಶವಿದೆಯೇ ಎಂದು ಅಧಿಸೂಚನೆಯಲ್ಲಿ ಮೊದಲೇ ಓದಿಟ್ಟುಕೊಳ್ಳಿ, ಜೊತೆಗೆ ಇನ್ನೊಂದು ಹುದ್ದೆಗೂ ಓದಿ. 167ಕ್ಕಿಂತ ಕಡಿಮೆ ಇದ್ದರೆ ಈ ಹುದ್ದೆಗೆಂದು ಇನ್ನೊಂದು ವರ್ಷ ರೂಮು ಬಾಡಿಗೆ ಕಟ್ಟಬೇಡಿ. ನಿಮ್ಮ ವರ್ಗಕ್ಕೆ ಎತ್ತರದ ಸಡಿಲಿಕೆ ಇದೆಯೇ ನೋಡಿ. ಇಲ್ಲದಿದ್ದರೆ ಎತ್ತರ ಕೇಳದ ಎಫ್‌ಡಿಎ, ಎಸ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ನೀವು ಈಗಾಗಲೇ ಓದಿದ ಸಾಮಾನ್ಯ ಜ್ಞಾನವೇ ಬಹುಪಾಲು ಬರುತ್ತದೆ.

ಇನ್ನೂ ಬೆಳೆಯುವವರಿಗೆ

ಮನೆಯಲ್ಲಿ 12-15ರ ತಮ್ಮನೋ ತಂಗಿಯೋ ಇದ್ದರೆ ಅವರ ಪಾಲಿಗೆ ಊಟ, ನಿದ್ದೆ ಎರಡೂ ನಿಜಕ್ಕೂ ಲೆಕ್ಕಕ್ಕೆ ಬರುತ್ತವೆ. ಎಷ್ಟು ಎತ್ತರ ಆದಾರು ಎಂದು ಅಂದಾಜಿಸಲು ತಂದೆ-ತಾಯಿಯ ಎತ್ತರ ಕೂಡಿಸಿ, ಹುಡುಗನಿಗೆ 13 ಸೇರಿಸಿ, ಹುಡುಗಿಗೆ 13 ಕಳೆದು, ಎರಡರಿಂದ ಭಾಗಿಸಿ. ತಂದೆ 165, ತಾಯಿ 152 ಇದ್ದರೆ ಹುಡುಗನಿಗೆ 165 ಬರುತ್ತದೆ, ಏಳೆಂಟು ಸೆಂ.ಮೀ. ಆಚೀಚೆ ಆಗಬಹುದು. ಹುಡುಗಿಯರು ಮೊದಲ ಮುಟ್ಟಿನ ನಂತರ ಸಾಮಾನ್ಯವಾಗಿ ಐದರಿಂದ ಏಳು ಸೆಂ.ಮೀ. ಮಾತ್ರ ಬೆಳೆಯುತ್ತಾರೆ. ಹಾಗಾಗಿ ಕಾಯುತ್ತ ಕೂರಬಾರದು. ಹುಡುಗನಿಗೆ 14 ತುಂಬಿದರೂ ಹರೆಯದ ಯಾವ ಲಕ್ಷಣವೂ ಕಾಣದಿದ್ದರೆ, ಹುಡುಗಿಗೆ 13ಕ್ಕೂ ಕಾಣದಿದ್ದರೆ, ಅಥವಾ ಚಿಕ್ಕ ಮಗು ವರ್ಷಕ್ಕೆ ನಾಲ್ಕು ಸೆಂ.ಮೀ. ಕೂಡ ಬೆಳೆಯದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ರಕ್ತಹೀನತೆ, ಹೊಟ್ಟೆಯ ಕಾಯಿಲೆ, ಹಾರ್ಮೋನ್ ಕೊರತೆ ಇವುಗಳಲ್ಲಿ ಯಾವುದಾದರೂ ಇದ್ದರೆ ಚಿಕಿತ್ಸೆ ಇದೆ, ಪ್ಲೇಟ್ ತೆರೆದಿರುವವರೆಗೆ ಮಾತ್ರ. ಹೋಗುವಾಗ ಶಾಲೆಯ ಆರೋಗ್ಯ ತಪಾಸಣೆಯ ಹಳೆಯ ಕಾರ್ಡು, ಎತ್ತರ ಬರೆದ ಯಾವುದೇ ಚೀಟಿ ಇದ್ದರೆ ಒಯ್ಯಿರಿ. ಡಾಕ್ಟರಿಗೆ ಇಂದಿನ ಎತ್ತರಕ್ಕಿಂತ ಕಳೆದ ಎರಡು ವರ್ಷದಲ್ಲಿ ಎಷ್ಟು ಬೆಳೆದಿದೆ ಎನ್ನುವುದೇ ಹೆಚ್ಚು ಹೇಳುತ್ತದೆ.